ಬಿಪಿ 150/100, ತಲೆನೋವು, ಮಗು ಮಿಸುಕಾಟ ಕಡಿಮೆ: ಸೋಮವಾರದವರೆಗೆ ಕಾಯಬಹುದಾ?

ಪ್ರಶ್ನೆ: ನನ್ನ ತಂಗಿಗೆ 33 ವಾರ, ಚೊಚ್ಚಲು. ಪಾವಗಡದ ಹತ್ತಿರ ಹಳ್ಳಿ. ನಿನ್ನೆಯಿಂದ ತಲೆ ಸಿಡಿಯೋ ಹಂಗೆ ನೋವು, ಕಾಲು ಊದಿದೆ. ಬೆಳಿಗ್ಗೆಯಿಂದ ಮಗು ಮಿಸುಕಾಟ ಕಡಿಮೆ. ರಕ್ತ ಹೋಗಿಲ್ಲ. ಕ್ಲಿನಿಕ್ಕಲ್ಲಿ ಬಿಪಿ 150/100 ಅಂದ್ರು. ಅಮ್ಮ ಪಿತ್ತ ಅಂತಾರೆ. ಸೋಮವಾರ ಚೆಕಪ್ ಇದೆ, ಕಾಯಬಹುದಾ?

ಉತ್ತರ: ಕಾಯಬೇಡಿ. ಇದನ್ನು ಓದಿದ ಕೂಡಲೇ 108ಕ್ಕೆ ಫೋನ್ ಮಾಡಿ, ಮಿಕ್ಕಿದ್ದನ್ನು ದಾರಿಯಲ್ಲಿ ಓದಿಕೊಳ್ಳಿ.

20 ವಾರ ದಾಟಿದ ಬಸುರಿಗೆ ಬಿಪಿ 140/90 ಮುಟ್ಟಿದರೇ ಅದು ಹೆಚ್ಚು. ಅದರ ಜೊತೆ ಬಿಡದ ತಲೆನೋವು ಇದ್ದರೆ, ಬೇರೆ ಕಾರಣ ಸಿಗುವ ತನಕ ಅದನ್ನು ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿಪಿ ಏರಿ ಬರುವ ಅಪಾಯದ ಕಾಯಿಲೆ, ಎಂದೇ ನೋಡಬೇಕು. ಇದರ ಮೂಲ ಮಾಸಿನಲ್ಲಿದೆ. ಮಾಸಿಗೆ ರಕ್ತ ಸರಿಯಾಗಿ ಹರಿಯದಾಗ ತಾಯಿಯ ಮೈಯಿಡೀ ರಕ್ತನಾಳಗಳು ಕೆಡುತ್ತವೆ. ಮಿದುಳಿಗೆ ಅದು ತಟ್ಟಿದರೆ ತಲೆನೋವು, ಕಣ್ಣು ಮಂಜು, ಕೊನೆಗೆ ಫಿಟ್ಸ್. ಪಿತ್ತಜನಕಾಂಗಕ್ಕೆ ತಟ್ಟಿದರೆ ಬಲಪಕ್ಕೆಯ ಕೆಳಗೆ ನೋವು, ವಾಂತಿ. ಇದನ್ನೇ ಮನೆಯಲ್ಲಿ ಗ್ಯಾಸ್ ಅಂತಲೋ ಪಿತ್ತ ಅಂತಲೋ ಅಂದುಕೊಂಡು ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತಾರೆ. ಪ್ಯಾರಾಸಿಟಮಾಲ್‌ನಿಂದ ನೋವು ಇಳಿದರೂ ಕಾಯಿಲೆ ಇಳಿದಿರುವುದಿಲ್ಲ.

ಮಗುವಿನ ಮಿಸುಕಾಟ ಕಡಿಮೆಯಾಗಿರುವುದನ್ನು ಬೇರೆ ವಿಷಯ ಅಂದುಕೊಳ್ಳಬೇಡಿ. ಅದೇ ಮಾಸಿನಿಂದ ಮಗುವಿಗೆ ಆಮ್ಲಜನಕ ಸಾಲದಾದಾಗ, ಇದ್ದಷ್ಟನ್ನು ಉಳಿಸಿಕೊಳ್ಳಲು ಮಗು ಆಡುವುದನ್ನು ಕಡಿಮೆ ಮಾಡುತ್ತದೆ. ತಿಂಗಳು ತುಂಬಿದಂತೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ ಎನ್ನುವ ಮಾತು ತಪ್ಪು. ಒದೆತದ ಬಗೆ ಬದಲಾಗಬಹುದು, ಎಣಿಕೆ ಇಳಿಯಬಾರದು. ಎಡಗಡೆ ಮಲಗಿ 2 ಗಂಟೆಯಲ್ಲಿ 10 ಬಾರಿ ಎಣಿಸಿ ಎಂದು ಹೇಳುವುದುಂಟು. ಬೇರೆ ತೊಂದರೆ ಇಲ್ಲದವರಿಗೆ ಅದು ಸರಿ. ಬಿಪಿ ಏರಿರುವ ನಿಮ್ಮ ತಂಗಿ ಎಣಿಸುತ್ತಾ ಆ ಎರಡು ಗಂಟೆ ಕಳೆಯಬಾರದು.

ಎಲ್ಲಿಗೆ ಹೋಗಬೇಕು? ಪಾವಗಡದಿಂದ ತುಮಕೂರು ಹತ್ತಿರಹತ್ತಿರ 100 ಕಿಲೋಮೀಟರ್. ಮನೆಯಿಂದ ಕಾರು ಮಾಡಿಕೊಂಡು ನೇರ ಅಲ್ಲಿಗೆ ಓಡುವುದೇ ಲೇಸು ಅನಿಸಬಹುದು. ನಾನು ಅದನ್ನು ಒಪ್ಪುವುದಿಲ್ಲ. ಮೊದಲು ಪಾವಗಡದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಬಿಪಿಯನ್ನು ಮತ್ತೊಮ್ಮೆ ನೋಡಿ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿ, ಬೇಕೆನಿಸಿದರೆ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಮೊದಲ ಡೋಸ್ ಕೊಟ್ಟು ಕಳಿಸುತ್ತಾರೆ. ದೂರಕ್ಕೆ ಕಳಿಸುವಾಗ ಸಾಮಾನ್ಯವಾಗಿ ಒಟ್ಟು 10 ಗ್ರಾಂ: ಒಂದೊಂದು ಪಿರ್ರೆಗೆ 5 ಗ್ರಾಂ, ಆಳವಾಗಿ ಚುಚ್ಚುತ್ತಾರೆ. ಚೆನ್ನಾಗಿಯೇ ನೋಯುತ್ತದೆ, ಮೈ ಬಿಸಿಯಾದಂತಾಗುತ್ತದೆ, ಗಾಬರಿ ಬೇಡ. ಬಿಪಿ 160/110 ಮುಟ್ಟಿದ್ದರೆ ಅದನ್ನು ಇಳಿಸುವ ಔಷಧವನ್ನೂ ಅಲ್ಲೇ ಕೊಡಬೇಕು. ಈ ಡೋಸ್ ಇಲ್ಲದೆ ಹೊರಟು ಮಧುಗಿರಿ ದಾರಿಯಲ್ಲಿ ಫಿಟ್ಸ್ ಬಂದರೆ ಕಾರಿನಲ್ಲಿ ಮಾಡಲು ಏನೂ ಇರುವುದಿಲ್ಲ.

ರೆಫರ್ ಚೀಟಿಯಲ್ಲಿ ಇಂಜೆಕ್ಷನ್ ಕೊಟ್ಟ ಹೊತ್ತು ಮತ್ತು ಪ್ರಮಾಣ ಬರೆಸಿಕೊಳ್ಳಿ. ಮುಂದಿನ ಡೋಸ್ ಅದರ ಮೇಲೆ ನಿಂತಿದೆ, ಹೆಚ್ಚಾದರೆ ಉಸಿರಾಟ ನಿಧಾನವಾಗುತ್ತದೆ. ತುಮಕೂರು ಜಿಲ್ಲಾಸ್ಪತ್ರೆಗೆ ಮೊದಲೇ ಫೋನ್ ಮಾಡಿ ತಿಳಿಸುವಂತೆ ವೈದ್ಯರನ್ನೇ ಕೇಳಿ. ತಾಯಿ ಕಾರ್ಡ್, ಸ್ಕ್ಯಾನ್ ವರದಿ, ಕ್ಲಿನಿಕ್ಕಿನ ಚೀಟಿ ಜೊತೆಗಿರಲಿ. ರಕ್ತ ಕೊಡಬಲ್ಲ ಇಬ್ಬರು ಜೊತೆಗೆ ಹೋಗಲಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ಹೊರಡುವ ಮುಂಚೆ ಮುದ್ದೆ ಊಟ ಮಾಡಿಸಬೇಡಿ.

ದಾರಿಯಲ್ಲಿ ಎಡಗಡೆಗೆ ಮಲಗಿಸಿ. ಫಿಟ್ಸ್ ಬಂದರೆ ಎಡ ಮಗ್ಗುಲಲ್ಲೇ ಇರಿಸಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ.

ರಕ್ತ ಹೋಗಿಲ್ಲ ಅಂದಿರಿ, ಅದನ್ನೇ ನಂಬಿಕೊಂಡು ಕೂರಬೇಡಿ. ಬಿಪಿ ಏರಿದವರಲ್ಲಿ ಹೆರಿಗೆಗೆ ಮುಂಚೆಯೇ ಮಾಸು ಬಿಟ್ಟುಕೊಳ್ಳಬಹುದು. ಆಗ ರಕ್ತ ಒಳಗೇ ನಿಂತು ಹೊರಗೆ ಒಂದು ಹನಿಯೂ ಕಾಣದಿರಬಹುದು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ ಸಡಿಲವೇ ಆಗದಿದ್ದರೆ ಅದೇ ಗುರುತು. ನೋವೇ ಇಲ್ಲದೆ ಕೆಂಪು ರಕ್ತ ಹೋದರೆ ಮಾಸು ಕೆಳಗೆ, ಗರ್ಭಕೋಶದ ಬಾಯಿಯ ಹತ್ತಿರ ಇರಬಹುದು. ಸ್ಕ್ಯಾನ್ ಆಗುವ ತನಕ ಯಾರೂ ಒಳಗೆ ಬೆರಳು ಹಾಕಿ ನೋಡಬಾರದು.

ತುಮಕೂರಿನಲ್ಲಿ ಪ್ಲೇಟ್ಲೆಟ್, ಲಿವರ್, ಕಿಡ್ನಿ ಪರೀಕ್ಷೆ ಮಾಡಿ, ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ಒಂದಿಷ್ಟು ಹೊತ್ತು ನೋಡುತ್ತಾರೆ. 33 ವಾರವಾದ್ದರಿಂದ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ 4 ಬಾರಿ ಕೊಡಬಹುದು. ಇಷ್ಟು ಬೇಗ ಹೆರಿಗೆ ಮಾಡಿಸಬೇಕು ಎಂದರೆ ಮನೆಯವರು ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಈ ಕಾಯಿಲೆಗೆ ಮಾಸು ಹೊರಬರುವುದೇ ಮದ್ದು ಎಂದು ಅಮ್ಮನಿಗೆ ಈಗಲೇ ಹೇಳಿಡಿ. ಮಾಸು ಬಂದ ಮೇಲೂ ಫಿಟ್ಸ್ ಬರಬಹುದು. ಬಾಣಂತನಕ್ಕೆ ಮನೆಗೆ ಬಂದ ಮೇಲೆ, ಅದರಲ್ಲೂ ಮೊದಲ ವಾರದಲ್ಲಿ, ಇದೇ ತಲೆನೋವು ಮರಳಿದರೆ ಮತ್ತೆ 108.