75 ಪರ್ಸೆಂಟ್ ಅಟೆಂಡೆನ್ಸ್: ಇನ್ನೆಷ್ಟು ಬಂಕ್ ಹೊಡೀಬಹುದು?

ಪ್ರಶ್ನೆ: ಸರ್, ಒಂದು ಸಬ್ಜೆಕ್ಟ್‌ನಲ್ಲಿ ಇಲ್ಲಿವರೆಗೆ 52 ಕ್ಲಾಸ್ ಆಗಿದೆ, ನಾನು 43ಕ್ಕೆ ಹೋಗಿದೀನಿ. ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಒಟ್ಟು 72 ಆಗುತ್ತೆ ಅಂತಿದಾರೆ. 75 ಪರ್ಸೆಂಟ್‌ಗಿಂತ ಕೆಳಗೆ ಬೀಳದ ಹಾಗೆ ಇನ್ನೆಷ್ಟು ಬಿಡಬಹುದು? ಒಬ್ಬ ಫ್ರೆಂಡ್ 4 ಅಂತಾನೆ, ಇನ್ನೊಬ್ಬಳು 9 ಅಂತಾಳೆ.

ಉತ್ತರ: ಇವತ್ತಿನಿಂದ ಸತತವಾಗಿ ಬಿಟ್ರೆ 5, ಸೆಮಿಸ್ಟರ್ ಕೊನೆವರೆಗೆ ಹಂಚಿಕೊಂಡು ಬಿಟ್ರೆ 9. ಅಂದ್ರೆ ನಿಮ್ಮ ಫ್ರೆಂಡ್ ಹೇಳಿದ 4 ತಪ್ಪು ಲೆಕ್ಕ, ಆ ಹುಡುಗಿ ಹೇಳಿದ 9 ಸರಿ, ಆದ್ರೆ ಅದಕ್ಕೊಂದು ಕಂಡೀಷನ್ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಪರ್ಸೆಂಟೇಜ್ ಮರೆತುಬಿಡಿ. 75 ಅಂದ್ರೆ ನಾಲ್ಕರಲ್ಲಿ ಮೂರು, ಅಂದ್ರೆ ಒಂದು ಆಬ್ಸೆಂಟ್‌ಗೆ ಮೂರು ಪ್ರೆಸೆಂಟ್ ಇರಬೇಕು ಅಷ್ಟೇ. ನಿಮ್ಮ ಹತ್ರ 43 ಪ್ರೆಸೆಂಟ್ ಇದೆ, ಮೂರರಿಂದ ಭಾಗಿಸಿದ್ರೆ 14 ಬರುತ್ತೆ, ಉಳಿಯೋ ಚಿಲ್ರೆ ಬಿಟ್ಟುಬಿಡಿ. ಈ 43 ಪ್ರೆಸೆಂಟ್ ಹೊರೋಕಾಗೋದು 14 ಆಬ್ಸೆಂಟ್‌ನ ಮಾತ್ರ. ಈಗಾಗ್ಲೇ 9 ಆಗಿದೆ, ಉಳಿದಿದ್ದು 5. ಬೇಕಾದ್ರೆ ಚೆಕ್ ಮಾಡಿ, ಐದು ಬಿಟ್ರೆ 57ಕ್ಕೆ 43, ಅಂದ್ರೆ 75.4. ಆರನೇದೂ ಬಿಟ್ರೆ 58ಕ್ಕೆ 43, 74.1, ಕೆಳಗೆ ಬಿದ್ರಿ. ಚಿಲ್ರೆನ ಯಾವತ್ತೂ ಮೇಲಕ್ಕೆ ರೌಂಡ್ ಮಾಡ್ಬೇಡಿ, 5.33 ಬಂದ್ರೂ 5.9 ಬಂದ್ರೂ 5 ಅಂತಾನೇ ಹಿಡೀಬೇಕು.

ನಿಮ್ಮ ಫ್ರೆಂಡ್ ಎಲ್ಲಿ ಎಡವಿದ್ದಾನೆ ಅಂದ್ರೆ, 52ರ 75 ಪರ್ಸೆಂಟ್ 39, ನಿಮ್ಮದು 43 ಇದೆ, ಹಾಗಾದ್ರೆ 4 ಎಕ್ಸ್‌ಟ್ರಾ ಅಂದ್ಕೊಂಡಿದ್ದಾನೆ. ಬಹಳ ಜನ ಮಾಡೋ ತಪ್ಪೇ ಇದು. ಕ್ಲಾಸ್ ಬಿಟ್ರೆ ಪ್ರೆಸೆಂಟ್ ಕಮ್ಮಿ ಆಗಲ್ಲ, ಅದು 43ರಲ್ಲೇ ನಿಂತಿರುತ್ತೆ, ಜಾಸ್ತಿ ಆಗೋದು ಒಟ್ಟು ಕ್ಲಾಸ್ ಮಾತ್ರ. ಪುಣ್ಯಕ್ಕೆ ಈ ತಪ್ಪಿಂದ ನಷ್ಟ ಏನಿಲ್ಲ, ಕಮ್ಮಿನೇ ಬರುತ್ತೆ.

ಈಗ 9ರ ವಿಷಯ. ಒಟ್ಟು 72ರಲ್ಲಿ ಕಾಲು ಭಾಗ 18, ಅದರಲ್ಲಿ 9 ಖರ್ಚಾಗಿದೆ, 9 ಉಳಿದಿದೆ, ಲೆಕ್ಕ ಪಕ್ಕಾ. ಆದ್ರೆ ಉಳಿದ 20 ಕ್ಲಾಸಲ್ಲಿ 9 ಬಿಟ್ಟು ಮಿಕ್ಕ 11ಕ್ಕೂ ಹೋಗಲೇಬೇಕು, ಒಂದೂ ತಪ್ಪೋ ಹಾಗಿಲ್ಲ. ಒಂಬತ್ತನ್ನೂ ಮೊದಲೇ ಬಿಟ್ಟು ಕೊನೆಗೆ ಹೋಗ್ತೀನಿ ಅಂದ್ರೆ ಮಧ್ಯದಲ್ಲಿ 61ಕ್ಕೆ 43, ಅಂದ್ರೆ 70.5ಕ್ಕೆ ಇಳೀತೀರಿ, ಆವಾಗ ಜ್ವರ ಬಂತೋ ಕಥೆ ಮುಗೀತು. ಮಧ್ಯದಲ್ಲೇ ಶಾರ್ಟೇಜ್ ಲಿಸ್ಟ್ ಹಾಕೋ ಕಾಲೇಜಾದ್ರೆ ಅಲ್ಲೂ ನಿಮ್ಮ ಹೆಸರಿರುತ್ತೆ.

ಅದಕ್ಕಿಂತ ದೊಡ್ಡ ಮೋಸ ಈ 72ರಲ್ಲೇ ಇದೆ. ಅದು ಅಂದಾಜು, ಗ್ಯಾರಂಟಿ ಅಲ್ಲ. ಲೆಕ್ಚರರ್ ರಜೆ, ಫೆಸ್ಟು, ಟೆಸ್ಟು ಅಂತ ಕೊನೇಲಿ ಒಂದು 6 ಕ್ಲಾಸ್ ನಡೀಲಿಲ್ಲ ಅಂದ್ಕೊಳ್ಳಿ, ಒಟ್ಟು 66 ಆಯ್ತು, ಅದರ ಕಾಲು ಭಾಗ 16.5, ಅಂದ್ರೆ 16. ನಿಮಗೆ ಉಳಿಯೋದು 9 ಅಲ್ಲ, 7. ಕ್ಲಾಸ್ ಕ್ಯಾನ್ಸಲ್ ಆಯ್ತು ಅಂತ ಖುಷಿಪಡೋರಿಗೆ ಇದು ಹೊಳೆಯೋದೇ ಇಲ್ಲ, ನಾಲ್ಕು ಕ್ಲಾಸ್ ನಡೀದೇ ಹೋದ್ರೆ ಒಂದು ಬಂಕ್ ಕೈಬಿಟ್ಟು ಹೋಗುತ್ತೆ. ಅಷ್ಟರಲ್ಲಿ 9 ಬಿಟ್ಟಾಗಿದ್ರೆ 66ಕ್ಕೆ 48, 72.7, ಹೋಗಿ ಕೂತು ಸರಿಮಾಡ್ಕೊಳ್ಳೋಕೆ ಕ್ಲಾಸೇ ಉಳಿದಿರಲ್ಲ. ನಾನಾಗಿದ್ರೆ 5ನ್ನೇ ನಂಬ್ತೀನಿ, ಯಾಕಂದ್ರೆ ಅದು ಆಗಿಹೋದ ಕ್ಲಾಸಿನ ಮೇಲೆ ನಿಂತಿರೋ ನಂಬರ್. ವಾರಕ್ಕೊಂದ್ಸಲ ಹೊಸದಾಗಿ ಲೆಕ್ಕ ಹಾಕಿ, ಮೂರು ಕ್ಲಾಸಿಗೆ ಹೋದ ಹಾಗೆಲ್ಲ ಒಂದೊಂದು ಸೇರ್ತಾ ಹೋಗುತ್ತೆ.

ಈಗಾಗ್ಲೇ ಕೆಳಗೆ ಬಿದ್ದಿರೋರು ಇದನ್ನೇ ಉಲ್ಟಾ ಮಾಡಿ. 44ಕ್ಕೆ 30 ಇದೆ ಅಂದ್ರೆ ಆಬ್ಸೆಂಟ್ 14, ಅದಕ್ಕೆ 42 ಪ್ರೆಸೆಂಟ್ ಬೇಕು, ಇನ್ನೂ 12 ಕ್ಲಾಸ್ ಸತತವಾಗಿ ಕೂರಬೇಕು. ಅಷ್ಟು ಕ್ಲಾಸ್ ಉಳಿದಿದ್ಯಾ ಅಂತ ಮೊದಲು ನೋಡಿ.

ಲ್ಯಾಬ್ ಇದ್ರೆ ಅದನ್ನ ಎಷ್ಟು ಕ್ಲಾಸ್ ಅಂತ ಹಾಕ್ತಾರೆ ಕೇಳ್ಕೊಳ್ಳಿ, ಎರಡು ಅಂತ ಹಾಕಿದ್ರೆ ಒಂದು ದಿನ ತಪ್ಪಿಸಿದ್ರೂ ಎರಡು ಆಬ್ಸೆಂಟ್. ಇನ್ನೊಂದು, ರೂಲ್‌ನಲ್ಲಿ "ಕನಿಷ್ಠ 75" ಅಂತ ಇದ್ಯಾ, "75ಕ್ಕಿಂತ ಹೆಚ್ಚು" ಅಂತ ಇದ್ಯಾ ಓದಿ. ಇನ್ನು 9 ಬಿಟ್ರೆ ನಿಮ್ಮದು 72ಕ್ಕೆ 54, ಸರಿಯಾಗಿ 75.00, ಹೆಚ್ಚು ಇರಬೇಕು ಅಂತ ಬರೆದಿದ್ರೆ 8ಕ್ಕೇ ನಿಲ್ಲಿಸಬೇಕು.