ಕ್ರೆಶ್‌ಗೆ ತಲೆ ಎಣಿಸುವಾಗ ಯಾರನ್ನೆಲ್ಲ ಎಣಿಸಬೇಕು?

ಪ್ರಶ್ನೆ: "ನಮ್ಮ ಆಫೀಸಲ್ಲಿ 41 ಜನ ಇದ್ದೀವಿ, ಅದರಲ್ಲಿ ಹೆಂಗಸರು 9. ಹೆರಿಗೆ ರಜೆ ಮುಗಿಸಿ ಮುಂದಿನ ವಾರ ವಾಪಸ್ ಹೋಗ್ತಿದ್ದೀನಿ, ಮಗುವಿಗೆ 5 ತಿಂಗಳು. 30 ಹೆಂಗಸರಿದ್ರೆ ಮಾತ್ರ ಕ್ರೆಶ್, ಹಾಲು ಕುಡಿಸೋಕೆ ಎದ್ದು ಹೋದ್ರೆ ಆ ಹೊತ್ತಿನ ಸಂಬಳ ಇಲ್ಲ ಅಂತಾರೆ ಎಚ್‌ಆರ್. ನಿಜಾನಾ?"

ಎರಡೂ ತಪ್ಪು. ನಾನು ಹನ್ನೊಂದು ವರ್ಷ ಎಚ್‌ಆರ್ ಕೆಲಸ ಮಾಡಿದವಳು. ಇದೇ ಎರಡು ಮಾತನ್ನು ಒಂದು ಕಾಲದಲ್ಲಿ ನಾನೂ ಹೇಳಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಆ 30 ಎಲ್ಲಿಂದ ಬಂತು ಅಂದ್ರೆ, 1948ರ ಕಾರ್ಖಾನೆ ಕಾಯ್ದೆಯಿಂದ. ಅದರ 48ನೇ ಸೆಕ್ಷನ್ ಪ್ರಕಾರ 30ಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕಿತ್ತು. ಅದು ಕಾರ್ಖಾನೆಗಳ ಲೆಕ್ಕ, ಆಫೀಸುಗಳದ್ದಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದಾಗ ಎಣಿಕೆಯೇ ಬದಲಾಯಿತು. ಗಂಡಸರು ಹೆಂಗಸರು ಎಲ್ಲ ಸೇರಿ 50 ಉದ್ಯೋಗಿಗಳಿದ್ದರೆ ಕ್ರೆಶ್ ಸೌಲಭ್ಯ ಇರಲೇಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಸೆಕ್ಷನ್‌ನಲ್ಲೂ ಅದೇ 50 ಇದೆ. ಅಂದ್ರೆ 49 ಗಂಡಸರ ನಡುವೆ ಒಬ್ಬಳೇ ಹೆಂಗಸು ಇದ್ದರೂ ಕ್ರೆಶ್ ವ್ಯವಸ್ಥೆ ಮಾಡಬೇಕು.

ಆದ್ರೆ ನೀವು 41 ಅಲ್ವಾ ಅಂತೀರಿ. ಆ 41 ಯಾರ ಲೆಕ್ಕ? ಸಂಬಳದ ಪಟ್ಟಿಯಲ್ಲಿ ಇರೋರದ್ದು ಅಂತ ನನ್ನ ಊಹೆ. ಸಂಹಿತೆಯಲ್ಲಿ "ಉದ್ಯೋಗಿ" ಅಂದ್ರೆ ಸಂಸ್ಥೆ ನೇರವಾಗಿ ತೆಗೆದುಕೊಂಡವರು ಮಾತ್ರ ಅಲ್ಲ, ಗುತ್ತಿಗೆದಾರರ ಮೂಲಕ ಬಂದವರೂ ಸೇರುತ್ತಾರೆ. ಮುಂದಿನ ವಾರ ಆಫೀಸಿಗೆ ಹೋದಾಗ ಸುಮ್ನೆ ಎಣಿಸಿ ನೋಡಿ. ಗೇಟಲ್ಲಿ ಎರಡು ಪಾಳಿಗೆ ನಾಲ್ಕು ಸೆಕ್ಯುರಿಟಿ. ಹೌಸ್‌ಕೀಪಿಂಗ್‌ಗೆ ಮೂವರು. ಪ್ಯಾಂಟ್ರಿಯಲ್ಲಿ ಇಬ್ಬರು. 41ಕ್ಕೆ ಈ 9 ಸೇರಿದರೆ ಸರಿಯಾಗಿ 50. ನಿಮ್ಮಲ್ಲಿ ಇಷ್ಟೇ ಇರಬೇಕು ಅಂತಿಲ್ಲ, ಆದರೆ ಬಹಳ ಕಂಪನಿಗಳು "ನಾವು 50ರ ಕೆಳಗೆ" ಅನ್ನೋದು ಈ ಜನರನ್ನು ಬಿಟ್ಟು ಎಣಿಸಿ. ಅವರು ಏಜೆನ್ಸಿಯವರು, ನಮ್ಮವರಲ್ಲ ಅಂತ ಎಚ್‌ಆರ್ ಹೇಳಿದರೆ ಸಂಹಿತೆಯ ಆ ವ್ಯಾಖ್ಯೆಯನ್ನೇ ತೋರಿಸಿ. ಮನೆಯಿಂದ ಕೆಲಸ ಮಾಡೋರನ್ನೂ ಬಿಡಬೇಡಿ, ಅವರೂ ಉದ್ಯೋಗಿಗಳೇ.

50 ಆಯಿತು ಅಂದ ತಕ್ಷಣ ಕಂಪನಿ ಆಫೀಸೊಳಗೇ ತೊಟ್ಟಿಲು ತಂದಿಡಬೇಕು ಅಂತಲ್ಲ. ಅಕ್ಕಪಕ್ಕದ ನಾಲ್ಕು ಕಂಪನಿ ಸೇರಿ ಒಂದನ್ನು ನಡೆಸಬಹುದು. ಸರ್ಕಾರದ್ದೋ, ಪುರಸಭೆಯದ್ದೋ, ಖಾಸಗಿಯದ್ದೋ ಆಗಲೇ ಇರುವ ಕ್ರೆಶ್ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಚಿಕ್ಕ ಆಫೀಸಿಗೆ ಇದೇ ವಾಸಿ. ಒಂದು ಕಂಪನಿಯಲ್ಲಿ "ನಮ್ಮ ಕ್ರೆಶ್" ಅಂತ ತೋರಿಸಿದ ಕೋಣೆಯಲ್ಲಿ ಪ್ರಿಂಟರ್ ಕಾಗದದ ಪೆಟ್ಟಿಗೆಗಳ ಹಿಂದೆ ಪ್ಲಾಸ್ಟಿಕ್ ಕವರ್ ಬಿಚ್ಚದ ತೊಟ್ಟಿಲು ನಿಂತಿತ್ತು, ಕೀಲಿ ಸೆಕ್ಯುರಿಟಿ ಹತ್ತಿರ. ಅದನ್ನು ತೆರೆದದ್ದು ತಪಾಸಣೆ ದಿನ ಮಾತ್ರ. ಹಾಗಾಗಿ "ಇದೆ" ಅಂದರೆ ಎರಡೇ ಪ್ರಶ್ನೆ ಕೇಳಿ: ಮಕ್ಕಳನ್ನು ನೋಡಿಕೊಳ್ಳೋರು ಯಾರು, ಬೆಳಗ್ಗೆ ಎಷ್ಟಕ್ಕೆ ತೆರೀತೀರಿ?

ಕ್ರೆಶ್ ಇದ್ದರೆ ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು, ಊಟ-ವಿರಾಮದ ಬಿಡುವೂ ಅದರಲ್ಲೇ ಸೇರಿ.

ಈಗ ಹಾಲು ಕುಡಿಸುವ ಬಿಡುವು. ಇದಕ್ಕೂ ಆ 50ಕ್ಕೂ ಸಂಬಂಧವೇ ಇಲ್ಲ. 10 ಉದ್ಯೋಗಿಗಳಿರುವ ಅಂಗಡಿ, ಆಫೀಸಿಗೂ ಇದು ಅನ್ವಯ. ಹೆರಿಗೆಯಾಗಿ ಕೆಲಸಕ್ಕೆ ವಾಪಸ್ ಬಂದವರಿಗೆ, ಊಟದ ಬಿಡುವಿನ ಜೊತೆಗೆ ಇನ್ನೂ ಎರಡು ಬಿಡುವು, ಮಗುವಿಗೆ 15 ತಿಂಗಳು ತುಂಬುವವರೆಗೆ. ನಿಮ್ಮ ಮಗುವಿಗೆ ಈಗ 5, ಅಂದ್ರೆ ಇನ್ನೂ 10 ತಿಂಗಳು. ಎಷ್ಟು ನಿಮಿಷ ಅನ್ನೋದು ನಿಯಮಗಳಲ್ಲಿ ಇರುತ್ತದೆ. 1963ರಲ್ಲಿ ಕೇಂದ್ರ ಸರ್ಕಾರ ಗಣಿ ಮತ್ತು ಸರ್ಕಸ್‌ಗೆ ಅಂತ ಮಾಡಿದ ನಿಯಮದಲ್ಲಿ ಒಂದೊಂದು ಬಿಡುವು 15 ನಿಮಿಷ. ಮಗು ಇರುವ ಜಾಗ ದೂರವಿದ್ದರೆ ಹೋಗಿ ಬರೋಕೆ ಮೇಲೆ 5ರಿಂದ 15 ನಿಮಿಷ. (ಹೌದು, ಸರ್ಕಸ್. ನನಗೂ ಮೊದಲ ಸಲ ಓದಿದಾಗ ನಗು ಬಂತು. ಆದರೆ ಅಲ್ಲೂ ಮಕ್ಕಳ ತಾಯಂದಿರು ಇದ್ದರಲ್ಲ.) ನಿಮ್ಮ ಆಫೀಸಿನ ಜೊತೆ ಮಾತಾಡುವಾಗ ಬಿಡುವಿಗೆ 15, ಓಡಾಟಕ್ಕೆ ಸುಮಾರು 10 ಅನ್ನೋ ಲೆಕ್ಕ ಹಿಡಿದರೆ ಚೌಕಾಶಿ ಸುಲಭ.

ಸಂಬಳ ಕಟ್ ವಿಷಯಕ್ಕೆ ಬರೋಣ, ನನ್ನ ಸ್ವಂತ ತಪ್ಪು ಇಲ್ಲೇ ಇರೋದು. ನಾವು ಹಾಜರಿ ಯಂತ್ರ ಹಾಕಿಸಿದ್ದೆವು. ಹೊರಗೆ ಹೋದಾಗ ಪಂಚ್, ಒಳಗೆ ಬಂದಾಗ ಪಂಚ್. ಒಬ್ಬ ಅಕ್ಕ ದಿನಕ್ಕೆ ಎರಡು ಸಲ ಎದುರು ಬೀದಿಯ ಅಮ್ಮನ ಮನೆಗೆ ಹೋಗಿ ಮಗುವಿಗೆ ಹಾಲು ಕುಡಿಸಿ ಬರುತ್ತಿದ್ದರು. ಸಲಕ್ಕೆ 25 ನಿಮಿಷ, ದಿನಕ್ಕೆ 50. ತಿಂಗಳಿಗೆ 24 ದಿನ ಅಂದರೆ 20 ಗಂಟೆ. ಸಾಫ್ಟ್‌ವೇರ್ ಅದನ್ನು ತಾನೇ ತಾನಾಗಿ ಎರಡೂವರೆ ದಿನದ ಸಂಬಳ ಕಡಿತ ಅಂತ ಬರೆಯಿತು. ನಾನು ನೋಡದೇ ಒಪ್ಪಿಗೆ ಒತ್ತಿದೆ. ಅವರು ಸಂಬಳದ ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತು, "ಮೇಡಂ, ಹಾಲು ಕುಡಿಸಿದ್ದಕ್ಕೆ ದಂಡನಾ?" ಅಂದಾಗಲೇ ನಾನು ಕಾಯ್ದೆ ತೆಗೆದು ಓದಿದ್ದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿ ಇತ್ತು: ಹಾಲುಣಿಸುವ ಬಿಡುವಿನ ಕಾರಣಕ್ಕೆ ಮಾಮೂಲಿ ಸಂಬಳದಲ್ಲಿ ಕಡಿತ ಮಾಡುವಂತಿಲ್ಲ. ಹೊಸ ಸಂಹಿತೆಯ 69ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಮುಂದಿನ ತಿಂಗಳು ಹಣ ವಾಪಸ್ ಕೊಟ್ಟು, ಸಾಫ್ಟ್‌ವೇರ್‌ನಲ್ಲಿ ಆ ಬಿಡುವಿಗೆ ಬೇರೆ ಕೋಡ್ ಹಾಕಿಸಿದೆ.

ನೀವು ಹೋಗುವ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿ, ಬಾಯಿಮಾತು ಬೇಡ. ಮಗುವಿನ ಹುಟ್ಟಿದ ದಿನ, 15 ತಿಂಗಳು ತುಂಬುವ ದಿನ, ಬೇಕಾದ ಎರಡು ಸಮಯ (ಉದಾಹರಣೆಗೆ 11 ಮತ್ತು 4), ಸಂಹಿತೆಯಲ್ಲಿ ಬಿಡುವಿನ 66 ಮತ್ತು ಸಂಬಳದ 69ನೇ ಸೆಕ್ಷನ್, ಇಷ್ಟೇ ಸಾಕು. ಕ್ರೆಶ್ ವಿಷಯವನ್ನು ಬೇರೆ ಮೇಲ್‌ನಲ್ಲಿ ಕೇಳಿ, ಗುತ್ತಿಗೆಯವರ ಎಣಿಕೆ ಸೇರಿಸಿ. ಎರಡನ್ನೂ ಒಂದರಲ್ಲೇ ಹಾಕಿದರೆ ಕ್ರೆಶ್‌ನ ವಾದದಲ್ಲಿ ನಿಮ್ಮ ಬಿಡುವೂ ಸಿಕ್ಕಿಹಾಕಿಕೊಳ್ಳುತ್ತದೆ. ಆ ಬಿಡುವು ನಿಮಗೆ ಮೊದಲ ದಿನದಿಂದಲೇ ಬೇಕು, ಕ್ರೆಶ್‌ಗೆ ಅವರು ಏನೇ ಅಂದರೂ ಒಂದೆರಡು ತಿಂಗಳು ಎಳೀತಾರೆ. ಉತ್ತರ ಬರದಿದ್ದರೆ ಆ ಮೇಲ್‌ಗಳ ಪ್ರತಿ ಹಿಡಿದು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಹತ್ತಿರ ಹೋಗಬಹುದು. ಮೊದಲ ತಿಂಗಳ ಸಂಬಳದ ಚೀಟಿ ಬಂದಾಗ ಕಡಿತದ ಸಾಲನ್ನು ಮರೆಯದೇ ನೋಡಿ.