ಮಾರಾಟ ಏರಿತು, ದುಡ್ಡು ಬಂತಾ?

"ಅಪ್ಪ ತೆಗೆದಿಟ್ಟ ಶೇರುಗಳು ಈಗ ನನ್ನ ಹೆಸರಿಗೆ ಬಂದಿವೆ. ಪ್ರತಿ ವರ್ಷ ವಾರ್ಷಿಕ ವರದಿ ಇಮೇಲ್‌ಗೆ ಬರುತ್ತದೆ. ಅದರಲ್ಲಿ ಮ್ಯಾನೇಜ್‌ಮೆಂಟ್ ಡಿಸ್ಕಷನ್ ಅನ್ನುವ ಭಾಗವೊಂದೇ ನನಗೆ ಓದಿದರೆ ಅರ್ಥವಾಗುವುದು. ಆದರೆ ಯಾವ ಕಂಪನಿಯದ್ದು ಓದಿದರೂ ಎಲ್ಲ ಚೆನ್ನಾಗಿದೆ ಅಂತಲೇ ಇರುತ್ತದೆ. ಅವರು ನಿಜ ಹೇಳುತ್ತಿದ್ದಾರಾ ಇಲ್ವಾ ಅಂತ ನನ್ನಂಥವರಿಗೆ ತಿಳಿಯುವುದು ಹೇಗೆ?"
— ಓದುಗರೊಬ್ಬರು, ಬ್ರಹ್ಮಾವರ

ಆಡಳಿತದವರೇ ತಮ್ಮ ವರ್ಷದ ಬಗ್ಗೆ ಬರೆಯುವ ಆ ಭಾಗವನ್ನು ಅದೊಂದನ್ನೇ ಓದಬೇಡಿ. ಹಿಂದಿನ ವರ್ಷದ ವರದಿಯನ್ನೂ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಹಳೆಯವು ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಈ ವರ್ಷ ಏನು ಬರೆದಿದ್ದಾರೆ ಎನ್ನುವುದಕ್ಕಿಂತ, ಹೋದ ವರ್ಷ ಬರೆದದ್ದರಲ್ಲಿ ಏನು ಕಾಣೆಯಾಗಿದೆ ಎನ್ನುವುದು ಜಾಸ್ತಿ ಹೇಳುತ್ತದೆ.

ಈ ಭಾಗದಲ್ಲಿ ಏನೇನು ಇರಬೇಕು ಅಂತ ಸೆಬಿಯ 2015ರ ಲಿಸ್ಟಿಂಗ್ ನಿಯಮಗಳು ಹೇಳುತ್ತವೆ. ಉದ್ಯಮದ ಸ್ಥಿತಿಗತಿ, ಅವಕಾಶ, ಅಪಾಯ, ವಿಭಾಗವಾರು ಸಾಧನೆ ಹೀಗೆ ಒಂದು ಪಟ್ಟಿಯೇ ಇದೆ. ಉದ್ಯಮದ ಸ್ಥಿತಿಗತಿ ಅಂತ ಬರುವ ಪುಟಗಳನ್ನು ಹಾರಿಸಿದರೂ ನಷ್ಟವಿಲ್ಲ. ದೇಶದ ಆರ್ಥಿಕತೆ ಎಷ್ಟು ಬೆಳೆಯಿತು ಎಂಬುದು ಎಲ್ಲ ಕಂಪನಿಯದ್ದೂ ಒಂದೇ ಥರ ಇರುತ್ತದೆ. ನೀವು ನೇರ ಹೋಗಬೇಕಾದದ್ದು ಅನುಪಾತಗಳ ಕೋಷ್ಟಕಕ್ಕೆ. 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಕೆಲವು ಮುಖ್ಯ ಅನುಪಾತಗಳು ಹಿಂದಿನ ವರ್ಷಕ್ಕಿಂತ ಶೇ 25 ಅಥವಾ ಅದಕ್ಕಿಂತ ಜಾಸ್ತಿ ಬದಲಾದರೆ ಯಾಕೆ ಅಂತ ವಿವರವಾಗಿ ಹೇಳಲೇಬೇಕು. ಸವಿಯಾಗಿ ಬರೆದ ವರದಿಯಲ್ಲೂ ಈ ಒಂದು ಜಾಗದಲ್ಲಿ ಉತ್ತರ ಕೊಡದೆ ವಿಧಿಯಿಲ್ಲ.

ಒಂದು ಉದಾಹರಣೆ ಕಟ್ಟಿಕೊಡುತ್ತೇನೆ. ಕಂಪನಿ ಕಲ್ಪನೆಯದ್ದು, ಲೆಕ್ಕದ ದಾರಿ ನಿಜದ್ದು. ನಮ್ಮ ಕಡೆಯ ಒಂದು ಗೇರುಬೀಜದ ಕಂಪನಿ ಅಂತ ಇಟ್ಟುಕೊಳ್ಳಿ. ಆಫ್ರಿಕಾದಿಂದ ಕಚ್ಚಾ ಬೀಜ ತರಿಸಿ, ಇಲ್ಲಿ ಒಡೆಸಿ, ತಿರುಳು ಮಾರುತ್ತದೆ. ಹೋದ ವರ್ಷ ಮಾರಾಟ 400 ಕೋಟಿ, ಈ ವರ್ಷ 460 ಕೋಟಿ. ವರದಿ ಶುರುವಾಗುವುದೇ "ಶೇ 15ರ ದೃಢ ಬೆಳವಣಿಗೆ" ಅಂತ. ಸುಳ್ಳಲ್ಲ.

ಈಗ ಕೋಷ್ಟಕದಲ್ಲಿ ಡೆಟರ್ಸ್ ಟರ್ನೋವರ್ ನೋಡಿ. ಮಾರಾಟವನ್ನು ಗ್ರಾಹಕರಿಂದ ಬರಬೇಕಾದ ಬಾಕಿಯಿಂದ ಭಾಗಿಸಿದರೆ ಇದು ಸಿಗುತ್ತದೆ. ಎಷ್ಟೋ ಕಂಪನಿಗಳು ವರ್ಷದ ಸರಾಸರಿ ಬಾಕಿ ಹಿಡಿಯುತ್ತವೆ; ಇಲ್ಲಿ ಸುಲಭವಾಗಲಿ ಅಂತ ಮಾರ್ಚ್ 31ರ ಬಾಕಿಯನ್ನೇ ಹಿಡಿದಿದ್ದೇನೆ. ಹೋದ ವರ್ಷ ಬಾಕಿ 80 ಕೋಟಿ ಇತ್ತು, ಅಂದರೆ ಅನುಪಾತ 5. ಈ ವರ್ಷ ಬಾಕಿ 138 ಕೋಟಿ, ಅನುಪಾತ 3.33. ದಿನಗಳ ಲೆಕ್ಕದಲ್ಲಿ, ಮಾಲು ಕೊಟ್ಟ ಮೇಲೆ ದುಡ್ಡು ಬರಲು ಮೊದಲು 73 ದಿನ ಸಾಕಾಗಿತ್ತು, ಈಗ ಸುಮಾರು 110 ದಿನ ಬೇಕು. ಮಾರಾಟ ಏರಿದ್ದು 60 ಕೋಟಿ, ಬಾಕಿ ಏರಿದ್ದು 58 ಕೋಟಿ. ಹೆಚ್ಚಿಗೆ ಮಾರಿದ್ದು ಹೆಚ್ಚುಕಮ್ಮಿ ಎಲ್ಲವೂ ಉದ್ರಿಯಲ್ಲೇ ನಿಂತಂತಾಯಿತು.

ಅನುಪಾತ ಶೇ 33 ಇಳಿದಿದೆ, ಹಾಗಾಗಿ ಕಾರಣ ಹೇಳಲೇಬೇಕು. ಅಲ್ಲಿ ಬರೆದದ್ದು ಇಷ್ಟೆ: "ವರ್ಷಾಂತ್ಯದಲ್ಲಿ ಬಾಕಿ ಹೆಚ್ಚಾದ ಕಾರಣ." ಇದು ಕಾರಣ ಅಲ್ಲವೇ ಅಲ್ಲ. ಆದದ್ದನ್ನೇ ಇನ್ನೊಂದು ಸಲ ಹೇಳಿದ್ದು. ಬಾಕಿ ಯಾಕೆ ಹೆಚ್ಚಾಯಿತು, ಯಾರಿಂದ ಬರಬೇಕು, ಯಾವಾಗ ಬರುತ್ತದೆ, ಒಂದಕ್ಕೂ ಉತ್ತರವಿಲ್ಲ. ನನಗಂತೂ ಇಂಥ ಒಂದು ಸಾಲು ಕಂಡರೆ ಉಳಿದ ಇಪ್ಪತ್ತು ಪುಟದ ಸಿಹಿಮಾತಿನ ಮೇಲೆ ನಂಬಿಕೆ ಹೋಗುತ್ತದೆ.

ಕಾರಣ ವರದಿಯಲ್ಲೇ ಇನ್ನೊಂದು ಕಡೆ ಇದೆ. ಹಿಂದಿನ ವರ್ಷದ ಅದೇ ಭಾಗ ತೆಗೆಯಿರಿ. ಅಲ್ಲಿ "ಸ್ವಂತ ಹೆಸರಿನ ಪ್ಯಾಕೆಟ್‌ಗಳನ್ನು ಅಂಗಡಿಗಳಿಗೆ ತಲುಪಿಸುವುದೇ ನಮ್ಮ ದಾರಿ" ಅಂತ ಎರಡು ಪ್ಯಾರಾ ಇತ್ತು. ಈ ವರ್ಷ ಆ ಪ್ಯಾರಾಗಳೇ ಇಲ್ಲ. ಬದಲಿಗೆ "ದೊಡ್ಡ ಖರೀದಿದಾರರ ಜೊತೆ ಸಂಬಂಧ ಗಟ್ಟಿಯಾಗಿದೆ" ಅನ್ನುವ ಒಂದು ವಾಕ್ಯ. ದಾರಿ ಬದಲಾಗಿದೆ, ಆದರೆ ಬದಲಾಯಿಸಿದ್ದೇವೆ ಅಂತ ಎಲ್ಲೂ ಹೇಳಿಲ್ಲ. ದೊಡ್ಡ ಖರೀದಿದಾರರು ಮಾಲು ಜಾಸ್ತಿ ಎತ್ತುತ್ತಾರೆ, ಉದ್ರಿಯನ್ನೂ ಉದ್ದಕ್ಕೆ ಕೇಳುತ್ತಾರೆ.

ಇನ್ನು ಈ ವರ್ಷದ ವರದಿಯ ಕೊನೆಯ ಭಾಗದಲ್ಲಿರುವ ನೋಟ್ಸ್‌ಗೆ ಬನ್ನಿ. ಅವು ಆಡಿಟ್ ಆದ ಲೆಕ್ಕಪತ್ರದ ಭಾಗ. ಮ್ಯಾನೇಜ್‌ಮೆಂಟ್ ಡಿಸ್ಕಷನ್ ಹಾಗಲ್ಲ. ಅದರಲ್ಲಿ ಲೆಕ್ಕಕ್ಕೆ ದೊಡ್ಡದಾಗಿ ಹೊಂದದ ಮಾತು ಇದೆಯಾ ಅಂತ ಆಡಿಟರ್ ಓದಿ ನೋಡುತ್ತಾರೆ, ಅದಕ್ಕೆ ಖಾತ್ರಿ ಕೊಡುವುದಿಲ್ಲ. ನೋಟ್ಸ್‌ನಲ್ಲಿ ಎರಡು ಜಾಗ ಸಾಕು. ಒಂದು, ಸೆಗ್ಮೆಂಟ್ ಮಾಹಿತಿ, ಅಂದರೆ ವಿಭಾಗವಾರು ಲೆಕ್ಕ. ಒಬ್ಬನೇ ಗ್ರಾಹಕನಿಂದ ಆದಾಯದ ಶೇ 10 ಅಥವಾ ಅದಕ್ಕೂ ಮೇಲೆ ಬಂದರೆ ಅದನ್ನು ಇಲ್ಲಿ ಹೇಳಬೇಕು, ಹೆಸರು ಹೇಳಬೇಕಾಗಿಲ್ಲ. ನಮ್ಮ ಕಂಪನಿಯಲ್ಲಿ ಹೋದ ವರ್ಷ ಅಂಥವರು ಯಾರೂ ಇರಲಿಲ್ಲ, ಈ ವರ್ಷ ಒಬ್ಬರದ್ದೇ ಶೇ 22. ಇನ್ನೊಂದು, ಬಾಕಿಯ ವಯಸ್ಸಿನ ಪಟ್ಟಿ. ಕೊಡಬೇಕಾದ ದಿನ ದಾಟಿ ಆರು ತಿಂಗಳ ಒಳಗೆ ಎಷ್ಟು, ಆರು ತಿಂಗಳಿಂದ ಒಂದು ವರ್ಷ ಎಷ್ಟು, ಹೀಗೆ ಮೂರು ವರ್ಷ ಮೀರಿದ್ದರವರೆಗೆ. ಆರು ತಿಂಗಳು ದಾಟಿದ್ದು ಹೋದ ವರ್ಷ 4 ಕೋಟಿ ಇದ್ದದ್ದು ಈಗ 28 ಕೋಟಿ.

ಈಗ ಮತ್ತೆ ಮ್ಯಾನೇಜ್‌ಮೆಂಟ್ ಡಿಸ್ಕಷನ್‌ಗೆ ಮರಳಿ ಅಪಾಯಗಳ ಪಟ್ಟಿ ಓದಿ. ಕಚ್ಚಾ ಬೀಜದ ಬೆಲೆ, ಡಾಲರ್ ದರ, ವಿಯೆಟ್ನಾಂನ ಪೈಪೋಟಿ, ಕಾರ್ಮಿಕರ ಕೊರತೆ. ಎಲ್ಲ ನಿಜವೇ, ಎಲ್ಲ ಹೋದ ವರ್ಷವೂ ಇದ್ದದ್ದೇ, ಒಂದಕ್ಷರ ಬದಲಾಗಿಲ್ಲ. ಒಬ್ಬನೇ ಗ್ರಾಹಕನ ಮೇಲೆ ಇಷ್ಟು ನಿಂತಿದ್ದೇವೆ ಅನ್ನುವ ಹೊಸ ಅಪಾಯ ಮಾತ್ರ ಇಲ್ಲ. ನೋಟ್ಸ್‌ನಲ್ಲಿ ಕಾಣುವ ಅಪಾಯ ಮಾತಿನ ಭಾಗದಲ್ಲಿ ಇಲ್ಲದಿದ್ದರೆ, ಮಾತಿನ ಧಾಟಿ ಎಷ್ಟೇ ವಿನಯದ್ದಿರಲಿ, ಅದು ಮುಚ್ಚಿಟ್ಟ ಮಾತು.

ಪ್ರಾಮಾಣಿಕ ಆಡಳಿತದವರು ಇದನ್ನೇ ಹೇಗೆ ಬರೆಯುತ್ತಿದ್ದರು? "ಪ್ಯಾಕೆಟ್ ಮಾರಾಟ ನಾವಂದುಕೊಂಡಂತೆ ಆಗಲಿಲ್ಲ. ಸಗಟು ಮಾರಾಟಕ್ಕೆ ತಿರುಗಿದ್ದೇವೆ. ಒಬ್ಬ ಗ್ರಾಹಕರಿಂದ ಹಣ ತಡವಾಗುತ್ತಿದೆ, ಇಂತಿಷ್ಟು ಈಗಾಗಲೇ ಬಂದಿದೆ." ಓದಲು ಹಿತವಲ್ಲ, ಆದರೆ ನಾನು ಇಂಥವರ ಶೇರು ಇಟ್ಟುಕೊಳ್ಳುತ್ತೇನೆ. ಲಾಭ ಏರಿದ ವರ್ಷದಲ್ಲೂ ಇದೇ ಪರೀಕ್ಷೆ ಮಾಡಿ. ಕಚ್ಚಾ ಬೀಜ ಅಗ್ಗವಾಗಿ ಲಾಭ ಬಂದಿದ್ದರೆ ಹಾಗಂತ ಒಪ್ಪುತ್ತಾರಾ, ಅಥವಾ ಲಾಭ ತಮ್ಮ ಜಾಣತನ, ನಷ್ಟ ಮಾತ್ರ ಮಳೆ–ಮಾರುಕಟ್ಟೆಯದ್ದು ಅನ್ನುತ್ತಾರಾ ನೋಡಿ.

ಅಪ್ಪನ ಶೇರುಗಳಲ್ಲಿ ಬ್ಯಾಂಕಿನವೂ ಇರಬಹುದು. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಬ್ಯಾಂಕ್ ಶೇರಿಲ್ಲದ ಹಳೆಯ ಮನೆ ಕಡಿಮೆ. ಬ್ಯಾಂಕಿಗೆ ಈ ಅನುಪಾತ ಹೊಂದುವುದಿಲ್ಲ. ಅಲ್ಲಿ "ಒಟ್ಟು ಎನ್‌ಪಿಎ ಇಳಿಯಿತು", ಅಂದರೆ ಮರುಪಾವತಿ ನಿಂತ ಸಾಲ ಕಡಿಮೆಯಾಯಿತು ಅಂತ ಬರೆದಿದ್ದರೆ, ನೋಟ್ಸ್‌ನಲ್ಲಿ ಎನ್‌ಪಿಎ ಏರಿಳಿತದ ಪಟ್ಟಿ ಹುಡುಕಿ. ಸಾಲ ವಸೂಲಾಗಿ ಇಳಿಯಿತಾ, ಪುಸ್ತಕದಿಂದ ರೈಟ್-ಆಫ್ ಮಾಡಿದ್ದಕ್ಕೆ ಇಳಿಯಿತಾ ಅಂತ ಅಲ್ಲಿ ಬೇರೆ ಬೇರೆ ಸಾಲಿನಲ್ಲಿದೆ.

ಈ ಓದಿಗೂ ಒಂದು ಮಿತಿ ಇದೆ. ಮಾತನ್ನು ಲೆಕ್ಕದ ಜೊತೆ ತಾಳೆ ನೋಡುವಾಗ ಲೆಕ್ಕ ನಿಜ ಅಂತ ನಂಬಿರುತ್ತೇವೆ. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರೇ ಪುಸ್ತಕದಲ್ಲಿ ತೋರಿಸಿದ್ದ 5,000 ಕೋಟಿಗೂ ಮೀರಿದ ನಗದು ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಲೆಕ್ಕವೇ ಸುಳ್ಳಾದಾಗ ಎಷ್ಟು ಜಾಗ್ರತೆಯಿಂದ ಓದಿದರೂ ಈ ದಾರಿಯಲ್ಲಿ ಸಿಕ್ಕಿಬೀಳುವುದಿಲ್ಲ.

ಒಂದು ಅನುಮಾನದ ಸಾಲು ಸಿಕ್ಕಿದರೆ ಸುಮ್ನೆ ಇರಬೇಡಿ. ವಾರ್ಷಿಕ ಸಭೆಯ ನೋಟಿಸ್ ವರದಿಯ ಜೊತೆಗೇ ಬರುತ್ತದೆ. ಸಭೆ ವಿಡಿಯೊ ಮೂಲಕ ನಡೆಯುವುದಾದರೆ ಮಾತಾಡಲು ಮೊದಲೇ ಹೆಸರು ಕೊಡುವುದು ಹೇಗೆ, ಯಾವ ದಿನದೊಳಗೆ ಅಂತ ಅದರಲ್ಲಿ ಇರುತ್ತದೆ. ಒಂದೇ ಶೇರು ಇದ್ದರೂ ನೀವು ಸದಸ್ಯರೇ. ಉದ್ದ ಭಾಷಣ ಬೇಡ. ಮಾರ್ಚ್ 31ಕ್ಕೆ ಆರು ತಿಂಗಳು ಮೀರಿದ್ದ ಆ 28 ಕೋಟಿಯಲ್ಲಿ ಇವತ್ತಿನವರೆಗೆ ಎಷ್ಟು ಕೈಗೆ ಬಂತು ಅಂತ ಕೇಳಿ. ಸಭೆ ನಡೆಯುವ ಹೊತ್ತಿಗೆ ನಾಲ್ಕೈದು ತಿಂಗಳು ಕಳೆದಿರುತ್ತದೆ, ಆ ಅಂಕಿ ಅವರ ಬಳಿ ಇದ್ದೇ ಇರುತ್ತದೆ.